ನರ್ಸ್ ಗೆಳತಿಯ ನಾಲ್ಕು ಐಡಿಯಾ

“ಸ್ವಂತದ್ದೇನಾದ್ರೂ ಮಾಡ್ಬೇಕು ಅಂತ ತಲೇಲಿ ಕೂತುಬಿಟ್ಟಿದೆ ಮಾರಾಯ್ತಿ. ನಾಲ್ಕು ಐಡಿಯಾ ಬರೆದಿದ್ದೀನಿ. ಒಂದು, ಡಿಸ್ಚಾರ್ಜ್ ಆದವರ ಮನೆಗೇ ಹೋಗಿ ಡ್ರೆಸ್ಸಿಂಗ್ ಮಾಡೋದು, ಮೂತ್ರದ ಪೈಪ್ ಬದಲಾಯಿಸೋದು. ಎರಡು, ರೋಗಿ ಮಂಚ, ಏರ್‌ಬೆಡ್, ವೀಲ್‌ಚೇರ್ ಬಾಡಿಗೆಗೆ ಕೊಡೋದು. ಮೂರು, ಹೋಮ್ ನರ್ಸ್ ಕಳಿಸೋ ಏಜೆನ್ಸಿ. ನಾಲ್ಕು, ನಮ್ಮ ಬೀದಿಯಲ್ಲೇ ಒಂದು ರೂಮ್ ಹಿಡಿದು ಇಂಜೆಕ್ಷನ್, ಡ್ರಿಪ್ ಹಾಕೋದು. ಅಮ್ಮ ಎಲ್ಲದಕ್ಕೂ ‘ಮಾಡು’ ಅಂತಾಳೆ, ಅಣ್ಣ ಎಲ್ಲದಕ್ಕೂ ‘ಬೇಡ’ ಅಂತಾನೆ. ಇಬ್ಬರಿಂದಲೂ ಉಪಯೋಗ ಇಲ್ಲ. ನೀನು ಲೆಕ್ಕ ಬರೆಯೋಳು, ಮುಲಾಜಿಲ್ಲದೆ ಹೇಳು.”

ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿರುವ ಗೆಳತಿ ಕಳಿಸಿದ ಚೀಟಿಯಿದು. ನಾನು ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುವವಳು. ಇಂಥ ಪಟ್ಟಿಗೆ “ಚೆನ್ನಾಗಿದೆ” ಎಂದರೂ ತಪ್ಪು, “ಬೇಡ” ಎಂದರೂ ತಪ್ಪು. ಒಂದೊಂದನ್ನೂ ತೆಗೆದು ಇದನ್ನು ಮಾಡಲು ಕಾನೂನು ಬಿಡುತ್ತದೆಯೇ, ದುಡ್ಡು ಯಾರು ಕೊಡುತ್ತಾರೆ, ಕೆಟ್ಟರೆ ಹೇಗೆ ಕೆಡುತ್ತದೆ ಎಂದು ನೋಡಬೇಕು. ಹಾಗೆ ನೋಡುತ್ತ ಹೋದಾಗ ಒಂದೇ ಒಂದು ಉಳಿಯಿತು.

ಮೊದಲು ಹೊಡೆದು ಹಾಕಿದ್ದು ನಾಲ್ಕನೆಯದನ್ನು. ಕರ್ನಾಟಕದಲ್ಲಿ ಚಿಕಿತ್ಸೆ ನೀಡುವ ಖಾಸಗಿ ಜಾಗಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕು. ಬೋರ್ಡ್ ಹಾಕದಿದ್ದರೂ ಕೋಣೆ ಕೋಣೆಯೇ. ಅದಕ್ಕಿಂತ ದೊಡ್ಡ ತೊಡಕು ಬಾಗಿಲಿಗೆ ಬರುವ ಜನರದು. “ಮೈಕೈ ನೋವು, ಒಂದು ಡ್ರಿಪ್ ಹಾಕಿಬಿಡಿ ಸಿಸ್ಟರ್” ಎಂದು ಬಂದವರ ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ. ಯಾವ ಔಷಧ, ಎಷ್ಟು ಎಂದು ನರ್ಸ್ ತಾನೇ ತೀರ್ಮಾನಿಸಿದ ಕ್ಷಣಕ್ಕೆ ಅದು ಶುಶ್ರೂಷೆಯಲ್ಲ, ನೋಂದಣಿಯಿಲ್ಲದ ವೈದ್ಯವೃತ್ತಿ.

ಮೂರನೆಯದು ನೋಡಲು ಸುಲಭದ ದುಡ್ಡು. ನಮ್ಮಲ್ಲಿ “ಹೋಮ್ ನರ್ಸ್” ಎಂದು ಬರುವವರಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ. ಊಟ ಮಾಡಿಸಿ, ಸ್ನಾನ ಮಾಡಿಸಿ, ಜೊತೆಗಿರುವ ಸಹಾಯಕರು. ಏಜೆನ್ಸಿ ನಡೆಸುವವರ ದಿನವೆಲ್ಲ ಕಳೆಯುವುದು ಬದಲಿ ಆಳು ಹುಡುಕುವುದರಲ್ಲಿ. ಒಳ್ಳೆಯ ಸಹಾಯಕಿ ಸಿಕ್ಕಿದರೆ ಮನೆಯವರು ನೇರವಾಗಿ ಅವಳ ಜೊತೆ ಸಂಬಳ ಮಾತಾಡಿಕೊಳ್ಳುತ್ತಾರೆ, ಏಜೆನ್ಸಿಯ ಕಮಿಷನ್ ಅಲ್ಲಿಗೆ ನಿಲ್ಲುತ್ತದೆ. ಇದು ಆಳುಗಳನ್ನು ಒದಗಿಸುವ ವ್ಯವಹಾರ. ನನ್ನ ಗೆಳತಿ ಕಲಿತ ವಿದ್ಯೆ ಇದರಲ್ಲಿ ಎಲ್ಲೂ ಬಳಕೆಗೆ ಬರುವುದಿಲ್ಲ. ಎರಡನೆಯದಕ್ಕೆ ಮೊದಲೇ ಬಂಡವಾಳ ಬೇಕು, ಸಾಮಾನು ಇಡಲು ಜಾಗ ಬೇಕು, ಮಂಚ ಹೊತ್ತು ಮಹಡಿ ಹತ್ತಿಸುವ ಆಳು ಬೇಕು. ಅದನ್ನು ಈಗಾಗಲೇ ನಡೆಸುತ್ತಿರುವವರ ಫೋನ್ ನಂಬರ್ ಇಟ್ಟುಕೊಂಡರೆ ಸಾಕು.

ಉಳಿದದ್ದು ಮೊದಲನೆಯದು. ಅವಳೇ ಬಿಡಿಸಿ ಹೇಳಿದ ಒಂದು ಮಾದರಿಯನ್ನು ತೆಗೆದುಕೊಳ್ಳೋಣ. ಲಕ್ವ ಹೊಡೆದ 70 ದಾಟಿದ ಹಿರಿಯರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಒಂದು ಮಗ್ಗುಲು ಅಲ್ಲಾಡದು. ವಾರ ಕಳೆಯುವಷ್ಟರಲ್ಲಿ ಸೊಂಟದ ಕೆಳಗೆ, ಎಲುಬು ಹಾಸಿಗೆಗೆ ಒತ್ತುವ ಜಾಗದಲ್ಲಿ ಚರ್ಮ ಕೆಂಪಾಗಿದೆ. ಆ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಬೆಡ್‌ಸೋರ್‌ನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದೇ ಕಷ್ಟ; ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಅನ್ನಿಸುತ್ತದೆಯೇ ಎಂದು ಮುಟ್ಟಿ ನೋಡಬೇಕು. ಎರಡನೇ ಹಂತದಲ್ಲಿ ಮೇಲ್ಚರ್ಮ ಕಿತ್ತುಹೋಗುತ್ತದೆ, ಮೂರರಲ್ಲಿ ಗಾಯ ಕೊಬ್ಬಿನ ಪದರಕ್ಕೆ ಇಳಿಯುತ್ತದೆ, ನಾಲ್ಕರಲ್ಲಿ ಸ್ನಾಯು, ಎಲುಬು ಕಾಣುತ್ತವೆ.

ಇವಳು ಹೋದರೆ ಮಾಡುವುದೇನು? ಗಾಯದ ಉದ್ದ, ಅಗಲ, ಆಳ ಅಳೆದು ಬರೆದಿಡುತ್ತಾಳೆ. ಸಲೈನ್‌ನಿಂದ ತೊಳೆಯುತ್ತಾಳೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ನೊರೆ ಬಂದು ಸ್ವಚ್ಛವಾದಂತೆ ಕಾಣುತ್ತದೆ, ಆದರೆ ಅವು ಹೊಸದಾಗಿ ಬೆಳೆಯುವ ಜೀವಕೋಶಗಳನ್ನೂ ಸುಡುತ್ತವೆ. ವೈದ್ಯರು ಬರೆದ ಡ್ರೆಸ್ಸಿಂಗ್ ಹಾಕುತ್ತಾಳೆ. ಇಷ್ಟಕ್ಕೆ ಅರ್ಧ ಗಂಟೆಯೂ ಬೇಡ. ಉಳಿದ ಹೊತ್ತು ಮನೆಯವರಿಗೆ ಮೀಸಲು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಬೇಕು. ಮೇಲಕ್ಕೆ ಸರಿಸುವಾಗ ಎಳೆಯಬಾರದು, ಇಬ್ಬರು ಸೇರಿ ಕೆಳಗಿನ ಬೆಡ್‌ಶೀಟ್ ಹಿಡಿದು ಎತ್ತಬೇಕು. ಏರ್‌ಬೆಡ್ ತಂದಿದ್ದೇವೆ, ಇನ್ನು ತೊಂದರೆಯಿಲ್ಲ ಎಂದು ಕುಳಿತವರ ಮನೆಯಲ್ಲಿ ಸೊಂಟದ ಕೆಳಗೆ ಕೈ ತೂರಿಸಿ ನೋಡಿದರೆ ಗಾಳಿಯೇ ಇಲ್ಲದೆ ಎಲುಬು ಮಂಚಕ್ಕೆ ಒತ್ತುತ್ತಿರುತ್ತದೆ.

ಅಂದರೆ ಗಾಯ ಮಾಯುವುದು ಇವಳ ಡ್ರೆಸ್ಸಿಂಗ್ ಒಂದರಿಂದಲೇ ಅಲ್ಲ, ಮನೆಯವರು ರಾತ್ರಿ ಎದ್ದು ಮಗ್ಗುಲು ಬದಲಿಸುವುದರಿಂದ. ಇವಳಿಗೆ ದುಡ್ಡು ಬರುವುದು ಗಾಯ ನೋಡುವ ಕಣ್ಣಿಗೆ ಮತ್ತು ಮನೆಯವರಿಗೆ ಕಲಿಸುವ ಕೆಲಸಕ್ಕೆ. ಜ್ವರ ಬಂದರೆ, ಕೆಂಪು ಸುತ್ತಲೂ ಹರಡಿದರೆ, ಕಪ್ಪು ಪೊರೆ ಕಟ್ಟಿದರೆ, ನಾತ ಬಂದರೆ, ಎರಡು ವಾರವಾದರೂ ಅಳತೆ ಕಡಿಮೆಯಾಗದಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ಗಾಯ. ಪ್ರತಿ ಸಲ ಅಳತೆ ಬರೆದಿಟ್ಟಿದ್ದರೆ ಈ ಮಾತು ಹೇಳಲು ಅವಳ ಕೈಯಲ್ಲಿ ಪುರಾವೆ ಇರುತ್ತದೆ.

ಇನ್ನು ಲೆಕ್ಕ. ಒಂದು ಭೇಟಿಗೆ ₹500 ಎಂದಿಟ್ಟುಕೊಳ್ಳೋಣ. ಗಾಜ್, ಸಲೈನ್, ಗ್ಲೌಸ್, ಡ್ರೆಸ್ಸಿಂಗ್‌ಗೆ ₹120, ಸ್ಕೂಟರ್‌ನ ಪೆಟ್ರೋಲಿಗೆ ₹40 ಕಳೆದರೆ ಉಳಿಯುವುದು ₹340. ಈಗ ಕೈಗೆ ಸಿಗುವ ಸಂಬಳ ₹22,000 ಎಂದುಕೊಂಡರೆ ಅದನ್ನು ಸರಿಗಟ್ಟಲು ತಿಂಗಳಿಗೆ 65 ಭೇಟಿ, ಅಂದರೆ 26 ದಿನದ ಲೆಕ್ಕದಲ್ಲಿ ದಿನಕ್ಕೆ ಎರಡೂವರೆ. ಕಾಗದದ ಮೇಲೆ ಇದು ಸುಲಭ. ಆದರೆ ಇದರಲ್ಲಿ ಎರಡು ತೂತುಗಳಿವೆ.

ಮೊದಲನೆಯದು ದಾರಿ. ವಿನೋಬನಗರದಲ್ಲಿ ಒಂದು ಮನೆ, ಗೋಪಾಳದಲ್ಲಿ ಒಂದು, ಭದ್ರಾವತಿಯಲ್ಲಿ ಇನ್ನೊಂದು ಎಂದು ಒಪ್ಪಿಕೊಂಡರೆ ಹೊತ್ತೆಲ್ಲ ರಸ್ತೆಯ ಪಾಲು. ನೆದರ್‌ಲ್ಯಾಂಡ್ಸ್‌ನಲ್ಲಿ ಯೋಸ್ ಡಿ ಬ್ಲಾಕ್ ಎಂಬ ನರ್ಸ್ 2006ರಲ್ಲಿ ನಾಲ್ಕು ಜನರ ತಂಡದಿಂದ ಶುರುಮಾಡಿದ ಮನೆ ಶುಶ್ರೂಷೆಯ ಸಂಸ್ಥೆ ಸಾವಿರಾರು ನರ್ಸ್‌ಗಳಿಗೆ ಬೆಳೆಯಿತು. ಆದರೂ ಒಂದು ತಂಡದಲ್ಲಿ ಹೆಚ್ಚೆಂದರೆ 12 ಮಂದಿ, ಒಂದು ತಂಡಕ್ಕೆ ಒಂದು ಬಡಾವಣೆ ಎಂಬ ಕ್ರಮವನ್ನು ಬಿಡಲಿಲ್ಲ. ಅಲ್ಲಿ ಖರ್ಚು ಭರಿಸುವುದು ವಿಮೆ, ಇಲ್ಲಿ ಮನೆಯವರ ಜೇಬು. ಆ ವ್ಯತ್ಯಾಸ ದೊಡ್ಡದು. ಒಂದೇ ಬಡಾವಣೆ ಹಿಡಿಯುವ ಪಾಠ ಮಾತ್ರ ನಮಗೂ ಸಲ್ಲುತ್ತದೆ.

ಎರಡನೆಯದು ಈ ಕೆಲಸದ ಗುಣ. ಗಾಯ ಮಾಯುತ್ತ ಬಂದಂತೆ ದಿನ ಬಿಟ್ಟು ದಿನದ ಭೇಟಿ ವಾರಕ್ಕೆ ಎರಡಾಗುತ್ತದೆ, ಆಮೇಲೆ ನಿಲ್ಲುತ್ತದೆ. ಕೆಲಸ ಚೆನ್ನಾಗಿ ಮಾಡಿದಷ್ಟೂ ಗಿರಾಕಿ ಬೇಗ ಕಳೆದುಹೋಗುತ್ತಾರೆ. ಹಾಗಾಗಿ ಹೊಸ ರೋಗಿಗಳನ್ನು ಕಳಿಸುವ ಸರ್ಜನ್, ಫಿಸಿಯೋಥೆರಪಿಸ್ಟ್‌ಗಳ ಪರಿಚಯವೇ ಇದರ ಬೇರು. ಅದಕ್ಕೆ ಕಮಿಷನ್ ದಾರಿ ಹಿಡಿಯಬಾರದು. ರೋಗಿಯನ್ನು ಕಳಿಸಿದ್ದಕ್ಕೆ ವೈದ್ಯರು ಹಣ ಪಡೆಯುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳೇ ನಿಷೇಧಿಸಿವೆ. ಅಳತೆ ಬರೆದ ಹಾಳೆಯ ಪ್ರತಿಯೊಂದನ್ನು ವಾರಕ್ಕೊಮ್ಮೆ ವೈದ್ಯರಿಗೆ ತಲುಪಿಸಿದರೆ ಅದೇ ಪರಿಚಯಪತ್ರ.

ಕಾನೂನಿನ ಕಡೆ ಅವಳು ಜೋಡಿಸಿಕೊಳ್ಳಬೇಕಾದದ್ದು ಇಷ್ಟು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು. ಪ್ರತಿ ರೋಗಿಗೂ ವೈದ್ಯರ ಲಿಖಿತ ಸೂಚನೆ ಬೇಕು. ಮನೆ ಭೇಟಿಗೂ 2007ರ ಕಾಯ್ದೆಯ ನೋಂದಣಿ ಬೇಕೇ ಎಂದು ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಹೊರಗಿನ ಕೆಲಸಕ್ಕೆ ಆಸ್ಪತ್ರೆಯ ನೇಮಕಾತಿ ಪತ್ರ ಅಡ್ಡಿಯೇ ಎಂಬುದನ್ನೂ ನೋಡಬೇಕು. ತ್ಯಾಜ್ಯದ ವಿಷಯವನ್ನು ಮಾತ್ರ ನಾನು ಕೇಳುವ ಮೊದಲೇ ಅವಳು ಹೇಳಿದಳು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ, ಕೀವು ಅಂಟಿದ ಗಾಜ್ ಹಳದಿ ಚೀಲಕ್ಕೆ, ಕ್ಯಾತೆಟರ್ ಮತ್ತು ಟ್ಯೂಬ್ ಕೆಂಪಿಗೆ, ಸೂಜಿ ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಿಗೆ. ಮನೆಯ ಕಸದ ಬುಟ್ಟಿಗೆ ಹಾಕಿ ಬಂದರೆ ಚುಚ್ಚುವುದು ಪೌರಕಾರ್ಮಿಕರ ಕೈಗೆ. ಅವುಗಳನ್ನು ವಾಪಸ್ ತಂದು, ವಿಲೇವಾರಿ ಒಪ್ಪಂದವಿರುವ ಕ್ಲಿನಿಕ್ ಒಂದಕ್ಕೆ ಒಪ್ಪಿಸುವ ಏರ್ಪಾಡು ಮೊದಲ ದಿನವೇ ಬೇಕು.

ಎಲ್ಲಕ್ಕಿಂತ ಹೆಚ್ಚು ಒತ್ತಾಯ ಬರುವುದು ಇಂಜೆಕ್ಷನ್ನಿಗೆ. “ಹೇಗೂ ಬಂದಿದ್ದೀರಿ, ಈ ಆಂಟಿಬಯೋಟಿಕ್ಕನ್ನೂ ಹಾಕಿ ಹೋಗಿ.” ಔಷಧ ಒಗ್ಗದಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯಬಹುದು. ವಾರ್ಡಿನಲ್ಲಾದರೆ ಅಡ್ರಿನಲಿನ್, ಆಕ್ಸಿಜನ್, ವೈದ್ಯರು ಎಲ್ಲ ಕೂಗಳತೆಯಲ್ಲಿರುತ್ತಾರೆ. ಮನೆಯಲ್ಲಿ ಇರುವುದು ಫೋನ್ ಮಾತ್ರ. “ರಕ್ತನಾಳದ ಇಂಜೆಕ್ಷನ್ ಮನೆಯಲ್ಲಿ ಹಾಕುವುದಿಲ್ಲ” ಎಂದು ದರಪಟ್ಟಿಯಲ್ಲೇ ಅಚ್ಚು ಹಾಕಿಸು ಎಂದೆ. ನೆಂಟರಿಗೆ ಬಾಯಲ್ಲಿ ಇಲ್ಲ ಎನ್ನುವುದು ಕಷ್ಟ; ಅಚ್ಚಾದದ್ದನ್ನು ತೋರಿಸುವುದು ಸುಲಭ.

“ಹಾಗಾದ್ರೆ ಮಾಡ್ಲಾ?” ಎಂದಳು. ನನ್ನ ಅಭಿಪ್ರಾಯಕ್ಕೆ ಇಲ್ಲಿ ಬೆಲೆ ಕಡಿಮೆ, ಏಕೆಂದರೆ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿಲ್ಲ. “ಇಂಥ ಸೇವೆ ಬಂದರೆ ಕರೆಸ್ತೀರಾ?” ಎಂದು ಯಾರನ್ನು ಕೇಳಿದರೂ ಹೂಂ ಎನ್ನುತ್ತಾರೆ, ಆ ಹೂಂಗೆ ಕಾಸು ಖರ್ಚಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಂಡ ಮನೆಗಳಿಗೇ ಹೋಗಿ ಆದದ್ದನ್ನು ಕೇಳಬೇಕು. ಡ್ರೆಸ್ಸಿಂಗ್ ಯಾರು ಮಾಡಿದರು? ಎಷ್ಟು ಕೊಟ್ಟಿರಿ? ಆಟೋ ಮಾಡಿಕೊಂಡು ಆಸ್ಪತ್ರೆಗೆ ಎಷ್ಟು ಸಲ ಹೋದಿರಿ? ಅಂಥ ಹತ್ತು ಮನೆಗಳಲ್ಲಿ ಯಾರೂ ಕಾಸು ಬಿಚ್ಚದೆ ಸೊಸೆಯೇ ಎಲ್ಲ ಮಾಡಿಕೊಂಡಿದ್ದರೆ ₹500 ಎಂಬ ನನ್ನ ಲೆಕ್ಕ ಬಿದ್ದುಹೋಗುತ್ತದೆ. ಆಟೋಕ್ಕೂ ಕ್ಲಿನಿಕ್ಕಿಗೂ ಆಗಲೇ ಅಷ್ಟು ಖರ್ಚು ಮಾಡಿದ್ದರೆ ನಿಲ್ಲುತ್ತದೆ. ಎರಡನೆಯದು ನಿಜವಾದರೂ ಕೆಲಸ ಬಿಡುವುದು ಆಮೇಲಿನ ಮಾತು. ಮೊದಲು ಒಂದೇ ಬಡಾವಣೆ, ಆಸ್ಪತ್ರೆಯ ಒಪ್ಪಿಗೆ, ಬಿಡುವಿನ ವೇಳೆ. ಸತತ ಮೂರು ತಿಂಗಳು 65 ಭೇಟಿ ದಾಟಿದರೆ ರಾಜೀನಾಮೆ ಪತ್ರವನ್ನು ನಾನೇ ಕೂತು ಬರೆದುಕೊಡುತ್ತೇನೆ ಎಂದು ಹೇಳಿದ್ದೇನೆ.