ಅಕ್ಕಿ, ಹಿಟ್ಟು, ಬೇಳೆ: ಯಾವುದಕ್ಕೆ ಯಾವ ಡಬ್ಬ

ಬಿಗಿ ಮುಚ್ಚಳದ ಹೊಸ ಸ್ಟೀಲ್ ಡಬ್ಬದಲ್ಲಿ ತುಂಬಿಟ್ಟ ಅಕ್ಕಿಯಲ್ಲೂ ತಿಂಗಳು ಕಳೆಯುವಷ್ಟರಲ್ಲಿ ಹುಳು ಕಾಣಿಸಿಕೊಳ್ಳುವುದುಂಟು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ ಎಂದು ಡಬ್ಬವನ್ನು ದೂರುವುದು ವಾಡಿಕೆ. ಆದರೆ ಬಹಳ ಸಲ ಆ ಹುಳು ಹೊರಗಿನಿಂದ ಬಂದದ್ದಲ್ಲ, ಅಕ್ಕಿಯ ಜೊತೆಯಲ್ಲೇ ಒಳಗೆ ಸೇರಿದ್ದು. ಡಬ್ಬಕ್ಕೆ ಹೊರಗಿನ ಹುಳುವನ್ನೂ ತೇವವನ್ನೂ ತಡೆಯುವುದು ಗೊತ್ತು. ಒಳಗೆ ಈಗಾಗಲೇ ಇರುವುದನ್ನು ಕೊಲ್ಲುವ ಶಕ್ತಿ ಸಾಮಾನ್ಯ ಡಬ್ಬಕ್ಕಿಲ್ಲ. ಅಕ್ಕಿ, ಹಿಟ್ಟು, ಬೇಳೆ ಈ ಮೂರಕ್ಕೂ ಹುಳು ಹತ್ತುವ ರೀತಿ ಬೇರೆ ಬೇರೆಯಾದ್ದರಿಂದ ಮೂರನ್ನೂ ಒಂದೇ ಬಗೆಯಲ್ಲಿ ತುಂಬಿಡುವುದು ಸರಿಹೋಗುವುದಿಲ್ಲ.

ಅಕ್ಕಿಯ ಮುಖ್ಯ ಶತ್ರು ಸಣ್ಣ ಸೊಂಡಿಲಿರುವ ಕಂದುಗಪ್ಪು ಹುಳು. ಹೆಣ್ಣು ಹುಳು ಕಾಳಿನಲ್ಲಿ ತೂತು ಕೊರೆದು ಮೊಟ್ಟೆಯಿಡುತ್ತದೆ, ಆಮೇಲೆ ಆ ತೂತನ್ನು ಅಂಟಿನಂಥ ದ್ರವದಿಂದ ಮುಚ್ಚುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು, ಸೆಕೆಯ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ಪೂರ್ಣ ಹುಳುವಾಗಿ ಹೊರಬರುತ್ತದೆ. ಅಲ್ಲಿಯವರೆಗೆ ಕೇರಿದರೂ ಆರಿಸಿದರೂ ಅದು ಕಣ್ಣಿಗೆ ಬೀಳದು. ಒಂದು ಹಿಡಿ ಅಕ್ಕಿಯನ್ನು ನೀರಿಗೆ ಹಾಕಿದಾಗ ಒಂದಷ್ಟು ಕಾಳು ತೇಲಿದರೆ ಒಳಗೆ ಟೊಳ್ಳಾಗಿದೆ ಎಂದು ತಿಳಿಯಬಹುದು. ಮೊಟ್ಟೆಯ ಹಂತದಲ್ಲಿರುವುದು ಮಾತ್ರ ಈ ಪರೀಕ್ಷೆಗೂ ಸಿಗುವುದಿಲ್ಲ.

ಕಾಳುಗಳ ಕಥೆ ಬೇರೆ. ಹೆಸರು, ಕಡಲೆ, ಅಲಸಂದೆಗಳಿಗೆ ಕುಟ್ಟೆ ಹತ್ತಿಸುವ ಪುಟ್ಟ ದುಂಬಿ ಮೊಟ್ಟೆಯನ್ನು ಕಾಳಿನ ಮೇಲೆಯೇ ಅಂಟಿಸುತ್ತದೆ. ಹತ್ತಿರದಿಂದ ನೋಡಿದರೆ ಸಿಪ್ಪೆಯ ಮೇಲೆ ಬಿಳಿ ಚುಕ್ಕೆಯಂತೆ ಕಾಣುವುದು ಅದೇ. ಮರಿ ಅಲ್ಲಿಂದ ನೇರವಾಗಿ ಕಾಳಿನೊಳಕ್ಕೆ ಕೊರೆಯುತ್ತದೆ, ಮೂರು ನಾಲ್ಕು ವಾರಗಳ ಮೇಲೆ ದುಂಡನೆಯ ಕಿಂಡಿ ಬಿಟ್ಟು ಹೊರಬರುತ್ತದೆ. ಎಷ್ಟೋ ಸಲ ಮೊಟ್ಟೆ ಬೀಳುವುದು ಹೊಲದಲ್ಲೇ, ಕಾಯಿ ಒಣಗುವ ಹೊತ್ತಿಗೆ. ಸಿಪ್ಪೆ ತೆಗೆದು ಒಡೆದ ಬೇಳೆಯಲ್ಲಿ ಈ ದುಂಬಿಯ ಕಾಟ ಬಹಳ ಕಡಿಮೆ. ಆದ್ದರಿಂದ ತೊಗರಿಬೇಳೆಯನ್ನು ಇಡುವುದು ಸುಲಭ, ಹೆಸರುಕಾಳನ್ನು ಇಡುವುದು ಕಷ್ಟ.

ಹಿಟ್ಟು, ರವೆ, ನುಚ್ಚುಗಳಿಗೆ ಬರುವುದು ಕೆಂಪು ಹಿಟ್ಟಿನ ದುಂಬಿ. ಇಡಿಯ ಕಾಳನ್ನು ಕೊರೆಯುವ ಬಲ ಅದಕ್ಕಿಲ್ಲ, ಪುಡಿಯಾದದ್ದೇ ಬೇಕು. ಮೊಟ್ಟೆಯನ್ನು ಹಿಟ್ಟಿನಲ್ಲಿ ಬಿಡಿಬಿಡಿಯಾಗಿ ಇಡುವುದರಿಂದ ಡಬ್ಬದ ಮೂಲೆಯಲ್ಲಿ, ಮುಚ್ಚಳದ ತಿರುಪಿನಲ್ಲಿ ಉಳಿದ ಚಿಟಿಕೆ ಹಳೆಯ ಹಿಟ್ಟೇ ಹೊಸ ಹಿಟ್ಟಿಗೆ ಬೀಜವಾಗುತ್ತದೆ. ಹುಳು ಹೆಚ್ಚಾದಾಗ ಹಿಟ್ಟಿಗೆ ಖಾರವಾದ ಕೆಟ್ಟ ವಾಸನೆಯೂ ನಸುಗೆಂಪು ಛಾಯೆಯೂ ಬರುತ್ತವೆ. ಅದು ದುಂಬಿಯೇ ಹೊರಸೂಸುವ ರಾಸಾಯನಿಕದಿಂದ ಆದದ್ದು. ಅಂಥ ಹಿಟ್ಟನ್ನು ಜರಡಿ ಹಿಡಿದರೆ ಹುಳು ಹೋದೀತು, ವಾಸನೆ ಹೋಗದು. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವೊಂದನ್ನು ಬಿಟ್ಟರೆ ಮನೆಯ ಅರ್ಧ ತೊಂದರೆ ತಪ್ಪುತ್ತದೆ.

ಈ ಎಲ್ಲ ಹುಳುಗಳಿಗೂ ಬೂಷ್ಟಿಗೂ ತೇವವೇ ಆಸರೆ. ಅಕ್ಕಿಯಲ್ಲಿ ತೇವಾಂಶ ಶೇ 14ರ ಒಳಗೆ, ಬೇಳೆಕಾಳಿನಲ್ಲಿ ಶೇ 12ರ ಆಸುಪಾಸಿನಲ್ಲಿ ಇದ್ದರೆ ಬೂಷ್ಟು ಹಿಡಿಯುವುದಿಲ್ಲ, ಹುಳುವಿನ ಸಂತಾನವೂ ನಿಧಾನವಾಗುತ್ತದೆ. ಅದನ್ನು ಅಳೆಯಲು ಯಂತ್ರವೇ ಬೇಕೆಂದಿಲ್ಲ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಕಾಳು ತುಂಬಿ, ಹುರಿದು ಆರಿಸಿದ ಎರಡು ಮೂರು ಚಮಚ ಪುಡಿ ಉಪ್ಪು ಹಾಕಿ, ಮುಚ್ಚಳ ಹಾಕಿ ಒಂದು ನಿಮಿಷ ಕುಲುಕಬೇಕು. ಹದಿನೈದು ನಿಮಿಷ ಬಿಟ್ಟು ನೋಡಿದಾಗ ಉಪ್ಪು ಬಾಟಲಿಯ ಗೋಡೆಗೆ ಅಂಟಿದ್ದರೆ ತೇವ ಶೇ 15ಕ್ಕಿಂತ ಹೆಚ್ಚು, ತುಂಬಿಡಲು ಯೋಗ್ಯವಲ್ಲ. ಒಣಗಿದ ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯುತ್ತದೆ, ತೇವವಿದ್ದರೆ ಮೆತ್ತಗೆ ನುಗ್ಗಾಗುತ್ತದೆ.

ಹಾಗೆ ಒಣಗಿದ್ದು ಒಣಗಿಯೇ ಇರುವಂತೆ ನೋಡುವುದು ಡಬ್ಬದ ಕೆಲಸ. ಗೋಣಿಚೀಲದೊಳಗೆ ಗಾಳಿ ಆಡುತ್ತದೆ. ಒಣಹವೆಯ ವಿಜಯಪುರದ ಬೇಸಿಗೆಗೆ ಅದು ಒಳ್ಳೆಯದೇ, ಮಳೆಗಾಲದ ಕುಂದಾಪುರಕ್ಕೆ ಅಲ್ಲ. ಅಲ್ಲಿ ಚೀಲ ಹೊರಗಿನ ತೇವವನ್ನೆಲ್ಲ ಒಳಗೆ ಬಿಡುತ್ತದೆ. ಅಂಗಡಿಯಿಂದ ಬಂದ ತೆಳು ಪ್ಲಾಸ್ಟಿಕ್ ಪೊಟ್ಟಣವನ್ನು ಸೊಂಡಿಲ ಹುಳು ಕೊರೆದು ದಾಟಬಲ್ಲದು, ಹಾಗಾಗಿ ಅದನ್ನು ರಕ್ಷಣೆಯೆಂದು ಎಣಿಸುವಂತಿಲ್ಲ. ಸ್ಟೀಲ್ ಡಬ್ಬವನ್ನು ಇಲಿಯೂ ಹುಳುವೂ ಕೊರೆಯಲಾರವು, ಆದರೆ ಅದರ ಮುಚ್ಚಳ ಸಾಮಾನ್ಯವಾಗಿ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ರಬ್ಬರ್ ಬಳೆಯಿರುವ ಮುಚ್ಚಳದ ಗಾಜಿನ ಜಾಡಿ ಅಥವಾ ಆಹಾರಕ್ಕೆಂದೇ ಮಾಡಿದ ದಪ್ಪ ಪ್ಲಾಸ್ಟಿಕ್ ಡಬ್ಬ ಈ ದೃಷ್ಟಿಯಿಂದ ಮೇಲು. ಹೊಳಪು ಲೇಪವಿಲ್ಲದ ಮಣ್ಣಿನ ಗಡಿಗೆ ತೇವ ಹೀರುವುದರಿಂದ ಹಿಟ್ಟಿಗೆ ಹೊಂದದು. ಯಾವ ಡಬ್ಬವಾದರೂ ಬರಿ ನೆಲಕ್ಕೆ, ಹೊರಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲಿಡಬೇಕು. ತಣ್ಣನೆಯ ಗೋಡೆಗೆ ತಾಗಿದ ಕಡೆ ಡಬ್ಬದೊಳಗೆ ನೀರಾವಿ ಹನಿಗಟ್ಟುತ್ತದೆ, ಬೂಷ್ಟು ಮೊದಲು ಹಿಡಿಯುವುದು ಅಲ್ಲಿಯೇ.

ಗಾಳಿಯಾಡದಂತೆ ಮುಚ್ಚಿದರೆ ಇನ್ನೊಂದು ಲಾಭವಿದೆ. ಒಳಗಿನ ಹುಳು ಉಸಿರಾಡುತ್ತಾ ಅಲ್ಲಿದ್ದ ಆಮ್ಲಜನಕವನ್ನು ತಾನೇ ಮುಗಿಸುತ್ತದೆ, ಹೊಸ ಗಾಳಿ ಬರದಿದ್ದರೆ ಬೆಳವಣಿಗೆ ನಿಂತು ಸಾಯುತ್ತದೆ. ಬಯಲುಸೀಮೆಯ ಹಗೇವುಗಳಲ್ಲಿ ಜೋಳವೂ ರಾಗಿಯೂ ವರ್ಷಗಟ್ಟಲೆ ಉಳಿಯುತ್ತಿದ್ದುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಬಾಯಿ ತೆರೆದ ಕೂಡಲೇ ಹಗೇವಿಗೆ ಇಳಿದವರು ಉಸಿರುಕಟ್ಟಿ ಪ್ರಾಣ ಬಿಟ್ಟದ್ದುಂಟು; ಗಾಳಿ ಆಡಲು ಬಿಟ್ಟು, ಒಳಗೆ ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಇಳಿಯುವ ರೂಢಿ ಬಂದದ್ದು ಅದರಿಂದಲೇ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕದ ಕ್ಯಾಮರೂನ್‌ನಲ್ಲಿ ಅಲಸಂದೆಗಾಗಿ ರೂಪಿಸಿದ ಮೂರು ಪದರದ ಚೀಲವೂ ಇದೇ ತತ್ವದ್ದು: ಒಳಗೆ ದಪ್ಪ ಪ್ಲಾಸ್ಟಿಕ್‌ನ ಎರಡು ಪದರ, ಹೊರಗೆ ನೇಯ್ದ ಚೀಲ. ಆದರೆ ಡಬ್ಬ ಕಂಠಮಟ್ಟ ತುಂಬಿರಬೇಕು. ಅರ್ಧ ಖಾಲಿ ಡಬ್ಬದಲ್ಲಿ, ಅಥವಾ ದಿನಕ್ಕೆರಡು ಸಲ ತೆರೆಯುವ ಡಬ್ಬದಲ್ಲಿ, ಹುಳುವಿಗೆ ಉಸಿರಾಟದ ಕೊರತೆಯೇ ಆಗುವುದಿಲ್ಲ.

ಕರಾವಳಿಯ ಒಂದು ಮನೆ ಮೇ ಕೊನೆಯಲ್ಲಿ ಮಳೆಗಾಲಕ್ಕೆಂದು 25 ಕೆ.ಜಿ. ಅಕ್ಕಿ, 5 ಕೆ.ಜಿ. ತೊಗರಿಬೇಳೆ, 2 ಕೆ.ಜಿ. ಹೆಸರುಕಾಳು, ಒಂದಷ್ಟು ಹಿಟ್ಟು ತಂದಿತೆನ್ನೋಣ. ಅಕ್ಕಿಯನ್ನು ಮೊದಲು ಜರಡಿ ಹಿಡಿದು ನುಚ್ಚನ್ನೂ ತೌಡಿನ ಪುಡಿಯನ್ನೂ ಬೇರ್ಪಡಿಸಬೇಕು, ಹಿಟ್ಟಿನ ದುಂಬಿ ಹೊಟ್ಟೆ ಹೊರೆಯುವುದು ಅವುಗಳ ಮೇಲೆ. ಅಕ್ಕಿಯನ್ನು ಉರಿಬಿಸಿಲಿಗೆ ಹಾಕಿದರೆ ಕಾಳು ಬಿರುಕುಬಿಟ್ಟು ಅನ್ನ ಮುದ್ದೆಯಾಗುತ್ತದೆ, ನೆರಳಿನಲ್ಲಿ ಹರಡಿ ಆರಿಸಿದರೆ ಸಾಕು. ಆಮೇಲೆ 20 ಕೆ.ಜಿ.ಯನ್ನು ಗಾಳಿ ಹೋಗದ ಐದು ಕೆ.ಜಿ. ಡಬ್ಬಗಳಲ್ಲಿ ಅಂಚಿನವರೆಗೆ ತುಂಬಿ ಮುಚ್ಚುವುದು, ಉಳಿದ 5 ಕೆ.ಜಿ.ಯನ್ನು ದಿನಬಳಕೆಯ ಸ್ಟೀಲ್ ಡಬ್ಬಕ್ಕೆ ಹಾಕುವುದು. ಹೀಗೆ ಮಾಡಿದರೆ ಜುಲೈ ತಿಂಗಳ ಒದ್ದೆ ಗಾಳಿ ತಾಗುವುದು ಒಂದು ಡಬ್ಬಕ್ಕೆ ಮಾತ್ರ.

ಹೆಸರುಕಾಳಿಗೆ ಫ್ರೀಜರ್‌ಗಿಂತ ಖಚಿತವಾದ ಉಪಾಯ ಮನೆಯಲ್ಲಿ ಬೇರಿಲ್ಲ. ಅರ್ಧರ್ಧ ಕೆ.ಜಿ. ಪೊಟ್ಟಣ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆ, ಮರಿ, ದುಂಬಿ ಎಲ್ಲವೂ ಸಾಯುತ್ತವೆ. ಫ್ರೀಜರ್ ಅಷ್ಟು ತಣ್ಣಗಿಲ್ಲ ಎನಿಸಿದರೆ ಒಂದು ವಾರ ಇಡಬಹುದು. ಹೊರತೆಗೆದ ಮೇಲೆ ಪೊಟ್ಟಣ ಬಿಚ್ಚದೆ ಒಂದು ದಿನ ಹಾಗೆಯೇ ಬಿಡಬೇಕು. ತಣ್ಣಗಿರುವಾಗಲೇ ಬಿಚ್ಚಿದರೆ ಹೊರಗಿನ ತೇವವೆಲ್ಲ ಕಾಳಿನ ಮೇಲೆ ಹನಿಯಾಗಿ ಕೂರುತ್ತದೆ. ಫ್ರೀಜರ್ ಇಲ್ಲದವರಿಗೆ ಬಿಸಿಲಿದೆ: ಕಪ್ಪು ಹಾಳೆಯ ಮೇಲೆ ಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಕಲ್ಲು ಹೇರಿದರೆ ಒಳಗಿನ ಶಾಖ 57 ಡಿಗ್ರಿ ದಾಟುತ್ತದೆ, ಒಂದು ಗಂಟೆ ಅಷ್ಟು ಶಾಖವಿದ್ದರೆ ಕುಟ್ಟೆ ಉಳಿಯುವುದಿಲ್ಲ. ಅದನ್ನು ಪೂರ್ತಿ ಆರಿಸಿಯೇ ಡಬ್ಬಕ್ಕೆ ಹಾಕಬೇಕು. ಬಿಸಿ ಕಾಳು ತುಂಬಿದ ಡಬ್ಬದ ಮುಚ್ಚಳ ಮರುದಿನ ಬೆವರಿರುತ್ತದೆ. ತೊಗರಿಬೇಳೆಗೆ ಕೆ.ಜಿ.ಗೆ ಒಂದು ಸಣ್ಣ ಚಮಚ, ಅಂದರೆ 5 ಮಿ.ಲೀ.ನಷ್ಟು ಹರಳೆಣ್ಣೆ ತಿಕ್ಕುವುದು ಹಳೆಯ ರೂಢಿ. ಎಣ್ಣೆಯ ಪದರ ಮೊಟ್ಟೆಯ ಉಸಿರು ಕಟ್ಟಿಸುತ್ತದೆ, ಬೇಯಿಸುವ ಮುಂಚೆ ತೊಳೆದರೆ ವಾಸನೆಯೂ ಹೋಗುತ್ತದೆ.

ಹಿಟ್ಟನ್ನು ಮಾತ್ರ ಮಳೆಗಾಲ ಪೂರ್ತಿಗೆಂದು ಬೀಸಿಸಿ ಇಡುವುದು ತಪ್ಪು ಲೆಕ್ಕ. ಕಾಳು ಪುಡಿಯಾದಾಗ ಒಳಗಿನ ಎಣ್ಣೆಯಂಶ ಗಾಳಿಗೆ ತೆರೆದುಕೊಂಡು ಕಮಟುತ್ತದೆ. ಸಜ್ಜೆಹಿಟ್ಟು ಒಂದೆರಡು ವಾರದಲ್ಲೇ ಕಹಿಯಾಗುವುದು ಉತ್ತರ ಕರ್ನಾಟಕದ ಮನೆಗಳಿಗೆ ಚೆನ್ನಾಗಿ ಗೊತ್ತು. ಗೋಧಿ, ರಾಗಿ ಹಿಟ್ಟುಗಳನ್ನೂ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ, ಗಿರಣಿಯ ಬಿಸಿ ಆರಿದ ಮೇಲೆ ಸಣ್ಣ ಡಬ್ಬಕ್ಕೆ ತುಂಬಿ, ಒಣ ಚಮಚದಲ್ಲಿ ತೆಗೆಯುವುದು ಮೇಲು. ಡಬ್ಬ ಖಾಲಿಯಾದಾಗ ತೊಳೆದು ಬಿಸಿಲಿಗಿಟ್ಟು ಒಣಗಿಸಿ ಮರುತುಂಬಿಸಬೇಕು.

ಬೇವಿನೆಲೆ, ಒಣಮೆಣಸಿನಕಾಯಿ, ಲವಂಗಗಳ ವಾಸನೆ ಹೊರಗಿನ ಹುಳುವನ್ನು ಸ್ವಲ್ಪ ದೂರವಿಡುತ್ತದೆ, ಕಾಳಿನೊಳಗೆ ಕೂತ ಮರಿಗೆ ಅದು ತಾಗುವುದೇ ಇಲ್ಲ. ಹಸಿ ಬೇವಿನೆಲೆ ಹಾಕಿದರೆ ತೇವವನ್ನು ಕೈಯಾರೆ ಸೇರಿಸಿದಂತಾಗುತ್ತದೆ, ನೆರಳಲ್ಲಿ ಒಣಗಿಸಿದ್ದೇ ಆಗಬೇಕು. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಂತೂ ಮನೆಯ ಹೊಸಿಲು ದಾಟಬಾರದು. ತೇವ ತಾಗಿದಾಗ ಅದು ಬಿಡುವ ಫಾಸ್ಫೀನ್ ಅನಿಲ ಮಲಗಿದ್ದವರ ಪ್ರಾಣವನ್ನೂ ತೆಗೆಯುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಬೋರಿಕ್ ಪುಡಿ ಬೆರೆಸಿ ಆಮೇಲೆ ತೊಳೆದುಕೊಂಡರಾಯಿತು ಎನ್ನುವ ಪದ್ಧತಿಯೂ ಬಿಡತಕ್ಕದ್ದೇ.

ಹುಳು ಹತ್ತಿದ ಅಕ್ಕಿಯನ್ನು ಬೇಗ ಕಂಡುಹಿಡಿದರೆ ಕೇರಿ, ಫ್ರೀಜರ್‌ನಲ್ಲಿಟ್ಟು, ತೊಳೆದು ಬಳಸಿಕೊಳ್ಳಬಹುದು. ಮುಗ್ಗಲು ವಾಸನೆಯ, ಹಸಿರು ಅಥವಾ ಕಪ್ಪು ಬೂಷ್ಟಿನ, ಗಂಟುಗಟ್ಟಿದ ಧಾನ್ಯಕ್ಕೂ ಹಿಟ್ಟಿಗೂ ಈ ರಿಯಾಯಿತಿ ಇಲ್ಲ. ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ತೊಳೆದರೆ ಪೂರ್ತಿ ಹೋಗುವುದಿಲ್ಲ, ಅಡುಗೆಯ ಬೆಂಕಿಗೂ ನಾಶವಾಗುವುದಿಲ್ಲ. ಅಂಥದ್ದನ್ನು ದನಕ್ಕೂ ಹಾಕಬಾರದು, ಆ ವಿಷ ಹಾಲಿನಲ್ಲಿ ಮನೆಗೇ ವಾಪಸು ಬರುತ್ತದೆ.