ಬಳ್ಳಾರಿ ರಸ್ತೆಯ ಮೂರು ಬಣ್ಣ

ಚಿಕ್ಕಜಾಲದ ಪಾಳುಕೋಟೆಯ ಮುಂದೆ ಬಸ್ಸು ಹತ್ತಿ ಉತ್ತರಕ್ಕೆ ಹೊರಟರೆ ಒಂದು ಗಂಟೆಯೊಳಗೆ ಮೂರು ಜಿಲ್ಲೆ ಕಂಡಂತಾಗುತ್ತದೆ. ಚಿಕ್ಕಜಾಲ ಬೆಂಗಳೂರು ನಗರ ಜಿಲ್ಲೆಯದು. ಮುಂದಿನ ದೇವನಹಳ್ಳಿ ಬೆಂಗಳೂರು ಗ್ರಾಮಾಂತರದ್ದು. ಅದನ್ನು ದಾಟಿದರೆ ಚಿಕ್ಕಬಳ್ಳಾಪುರ. 2011ರ ಜನಗಣತಿಯ ಪ್ರಕಾರ ಈ ಮೂರರ ಸಾಕ್ಷರತೆ ಕ್ರಮವಾಗಿ ಶೇ. 87.67, 77.93 ಮತ್ತು 69.76. ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಎಲ್ಲೂ ಮೆಟ್ಟಿಲು ಇಳಿದ ಅನುಭವವಾಗುವುದಿಲ್ಲ. ನಕ್ಷೆಯಲ್ಲಿ ಮಾತ್ರ ಮೆಟ್ಟಿಲು ಕಾಣುತ್ತದೆ. ಅದು ಎಷ್ಟು ಎತ್ತರ ಕಾಣಬೇಕು ಎನ್ನುವುದನ್ನು ತೀರ್ಮಾನಿಸುವವರು ಆ ಮೂರು ಜಿಲ್ಲೆಯ ಜನರಲ್ಲ, ನಕ್ಷೆ ಬರೆಯಲು ಕೂತವರು.

ಜಿಲ್ಲೆಗೊಂದು ಬಣ್ಣ ತುಂಬಿ ಅಂಕಿ ತೋರಿಸುವ ಇಂಥ ನಕ್ಷೆಗೆ ಕೊರೊಪ್ಲೆತ್ ಎಂದು ಹೆಸರು. ಕರ್ನಾಟಕದ್ದನ್ನು ಮಾಡಹೊರಟವರಿಗೆ ಬಣ್ಣಕ್ಕಿಂತ ಮೊದಲೇ ಒಂದು ತೊಡಕು ಎದುರಾಗುತ್ತದೆ. 2011ರ ಪಟ್ಟಿಯಲ್ಲಿರುವುದು 30 ಜಿಲ್ಲೆ, ಇಂದಿನ ಗಡಿ ಕಡತದಲ್ಲಿರುವುದು 31. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ, ಹಾಗಾಗಿ ಅದು ಬಿಳಿಯಾಗಿ ಉಳಿಯುತ್ತದೆ. ಬಳ್ಳಾರಿಯಿಂದ ಒಡೆದದ್ದಲ್ಲವೇ, ಬಳ್ಳಾರಿಯ ಅಂಕಿಯನ್ನೇ ಹಾಕೋಣ ಎಂದರೆ ಅದೂ ತಪ್ಪು. ಇಂದು ವಿಜಯನಗರದಲ್ಲಿರುವ ಹರಪನಹಳ್ಳಿ 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಹಳೆಯ ಅಂಕಿಗೆ ಹಳೆಯ ಗಡಿಯೇ ಸರಿ. ಹೆಸರುಗಳೂ ಕೈಕೊಡುತ್ತವೆ. ಜನಗಣತಿ ‘ಗುಲ್ಬರ್ಗ’ ಎಂದದ್ದನ್ನು ಗಡಿ ಕಡತ ‘ಕಲಬುರಗಿ’ ಎಂದರೆ ಕಂಪ್ಯೂಟರಿಗೆ ಅವೆರಡೂ ಒಂದೇ ಊರೆಂದು ಹೊಳೆಯುವುದಿಲ್ಲ.

ಅಷ್ಟು ಸರಿಮಾಡಿಕೊಂಡರೆ ಎದುರಿಗೆ ಮೂವತ್ತು ಅಂಕಿಗಳಿರುತ್ತವೆ. ತಳದಲ್ಲಿ ಯಾದಗಿರಿ, ಶೇ. 51.83. ತುದಿಯಲ್ಲಿ ದಕ್ಷಿಣ ಕನ್ನಡ, ಶೇ. 88.57. ಮೂವತ್ತು ಬೇರೆಬೇರೆ ಛಾಯೆ ಬಳಿದರೆ ಯಾವ ಜಿಲ್ಲೆ ಯಾವ ಅಂಕಿಯದೆಂದು ಕಣ್ಣು ಗುರುತಿಸಲಾರದು. ಅದಕ್ಕೇ ಐದು ಗುಂಪು ಮಾಡಿ ಐದು ಛಾಯೆ ಕೊಡುವ ರೂಢಿ. ಇಡೀ ಆಟವಿರುವುದು ಗೆರೆ ಎಲ್ಲಿ ಎಳೆಯಬೇಕು ಎನ್ನುವುದರಲ್ಲಿ.

ನಕ್ಷೆಯ ತಂತ್ರಾಂಶ QGIS ತೆರೆದರೆ `Equal Count (Quantile)` ಎಂಬ ಒಂದು ಆಯ್ಕೆ ಸಿಗುತ್ತದೆ. ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಗುಂಪಿಗೆ ಆರರಂತೆ ಹಂಚುವುದು ಅದರ ಕೆಲಸ. ನ್ಯಾಯವಾಗಿಯೇ ಕಾಣುತ್ತದೆ, ನಕ್ಷೆಯೂ ಎಲ್ಲ ಬಣ್ಣ ತುಂಬಿಕೊಂಡು ಚೆಂದ ಬರುತ್ತದೆ. ಆದರೆ ಮೊದಲ ಆರರಲ್ಲಿ ಯಾರು ಯಾರ ಪಕ್ಕ ಬಂದರು ನೋಡಿ: ಶೇ. 51.83ರ ಯಾದಗಿರಿಯೂ 67.43ರ ಬಳ್ಳಾರಿಯೂ ಒಂದೇ ಬಣ್ಣ. ಬಳ್ಳಾರಿಗೆ ತಾಗಿದ ಕೊಪ್ಪಳ 68.09 ಇದ್ದುದರಿಂದ ಅದಕ್ಕೆ ಬೇರೆ ಬಣ್ಣ. ಹದಿನೈದೂವರೆ ಅಂಶದ ಅಂತರ ಮಾಯವಾಯಿತು, ಮುಕ್ಕಾಲು ಅಂಶವೂ ಇಲ್ಲದ ಅಂತರ ಗಡಿಯಾಗಿ ಎದ್ದು ನಿಂತಿತು. ನಮ್ಮ ರಸ್ತೆಯ ಮೇಲೂ ಹೀಗೇ. ಬೆಂಗಳೂರು ನಗರ ಐದನೆಯ ಗುಂಪು, ಗ್ರಾಮಾಂತರ ನಾಲ್ಕನೆಯದು, ಚಿಕ್ಕಬಳ್ಳಾಪುರ ಒಮ್ಮೆಲೇ ಎರಡನೆಯದಕ್ಕೆ ಜಾರುತ್ತದೆ. ಮೊದಲ ಇಳಿತ ಹತ್ತು ಅಂಶದ್ದು, ಎರಡನೆಯದು ಎಂಟರದ್ದು. ನಕ್ಷೆ ನೋಡಿದವರು ಎರಡನೆಯದೇ ದೊಡ್ಡದೆಂದು ನಂಬುತ್ತಾರೆ.

ಇನ್ನೊಂದು ದಾರಿ ಸಮಾನ ಅಂತರದ್ದು. ತಳದಿಂದ ತುದಿಯವರೆಗಿನ 36.74 ಅಂಶವನ್ನು ಐದು ಭಾಗ ಮಾಡಿದರೆ ಒಂದೊಂದು ಮೆಟ್ಟಿಲು ಸುಮಾರು 7.35. ಆಗ ಯಾದಗಿರಿ ತಳದಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಅದು ನಿಜವೂ ಹೌದು, ಅದರ ಮೇಲಿನ ರಾಯಚೂರು 59.56ರಲ್ಲಿದೆ. ಚಿಕ್ಕಜಾಲದ ರಸ್ತೆ ಐದು, ನಾಲ್ಕು, ಮೂರು ಎಂದು ಕ್ರಮವಾಗಿ ಇಳಿಯುತ್ತದೆ. ಆದರೆ ಮೂರನೆಯ ಗುಂಪಿನಲ್ಲಿ 11, ನಾಲ್ಕನೆಯದರಲ್ಲಿ 10 ಜಿಲ್ಲೆ ಸೇರಿ ನಕ್ಷೆಯ ಬಹುಪಾಲು ಎರಡೇ ಬಣ್ಣವಾಗುತ್ತದೆ. ಮೇಲಾಗಿ ಆ ಎರಡರ ನಡುವಿನ ಗೆರೆ ಬೀಳುವುದು 73.87ರಲ್ಲಿ. ಅದರ ಕೆಳಗೆ 73.71ರ ಚಿತ್ರದುರ್ಗ, ಮೇಲೆ 74.39ರ ಕೋಲಾರ. ಅಲ್ಲಿ ಗೆರೆ ಎಳೆಯಲು ಅಂಕಿಗಳು ಯಾವ ಕಾರಣವನ್ನೂ ಕೊಟ್ಟಿರಲಿಲ್ಲ.

ನಾನು ಮಾಡುವುದು ಹಳೆಯ ಕೆಲಸ. ಗ್ರಾಫ್ ಹಾಳೆಯ ಮೇಲೆ ಮೂವತ್ತು ಚುಕ್ಕಿ ಇಟ್ಟು ಎಲ್ಲಿ ಖಾಲಿ ಜಾಗವಿದೆ ಎಂದು ನೋಡುವುದು. ಯಾದಗಿರಿಯ ಮೇಲಿನ ಖಾಲಿ ಜಾಗ ಯಾರಿಗೂ ಕಾಣುತ್ತದೆ. ಕಲಬುರಗಿಯ 64.85ಕ್ಕೂ ವಿಜಯಪುರದ 67.15ಕ್ಕೂ ನಡುವೆ ಒಂದು ಬಿಡುವು. ಬೀದರಿನ 70.51 ಆದಮೇಲೆ ಮೈಸೂರಿನ 72.79ರವರೆಗೆ ಮತ್ತೊಂದು. ಶಿವಮೊಗ್ಗದ 80.45ರಿಂದ ಕೊಡಗಿನ 82.61ರವರೆಗೆ ಇನ್ನೊಂದು. ಗೆರೆಗಳನ್ನು 55, 66, 72, 81ರಲ್ಲಿ ಎಳೆದರೆ ಎಲ್ಲವೂ ಖಾಲಿ ಜಾಗದಲ್ಲೇ ಬೀಳುತ್ತವೆ. ಗುಂಪುಗಳು 1, 3, 8, 13, 5 ಎಂದು ಏರುಪೇರಾಗುತ್ತವೆ, ಆಗಲಿ. ಅಮೆರಿಕದ ನಕ್ಷೆಗಾರ ಜಾರ್ಜ್ ಜೆಂಕ್ಸ್ ಈ ಹುಡುಕಾಟವನ್ನೇ ಲೆಕ್ಕಕ್ಕೆ ಇಳಿಸಿದ. ಗುಂಪಿನೊಳಗಿನ ಏರುಪೇರು ಅತಿ ಕಡಿಮೆಯಾಗುವಂತೆ ಗೆರೆ ಹುಡುಕುವ ಆ ವಿಧಾನ QGISನಲ್ಲಿ `Natural Breaks (Jenks)` ಎಂದಿದೆ. ಅದಕ್ಕೂ ಮಿತಿಯಿದೆ: 2001ರ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕೆಂದರೆ ಎರಡಕ್ಕೂ ಒಂದೇ ಗೆರೆಗಳಿರಬೇಕು, ಆಗ ಆಯಾ ವರ್ಷದ ಖಾಲಿ ಜಾಗಗಳನ್ನು ನಂಬಿ ಕೂರಲಾಗದು.

ಹಾಗಾದರೆ 60, 70, 80 ಎಂಬ ಸುತ್ತಂಕಿಗಳು ಸಾಲವೇ? ಓದುಗರಿಗೆ ಸುಲಭ, ನಿಜ. ಆದರೆ ಧಾರವಾಡದ ಅಂಕಿ ಸರಿಯಾಗಿ 80.00. ನಕ್ಷೆಯ ಮೂಲೆಯಲ್ಲಿ ‘70–80, 80–90’ ಎಂದು ಬರೆದರೆ ಧಾರವಾಡ ಯಾವ ಕಡೆಯದು?

ಇನ್ನು ಬಣ್ಣ. ಇಂಥ ನಕ್ಷೆಗಳಲ್ಲಿ ಮೊದಲನೆಯದೆಂದು ಹೇಳುವುದು 1826ರಲ್ಲಿ ಫ್ರಾನ್ಸಿನ ಷಾರ್ಲ್ ದ್ಯುಪಾಂ ಮಾಡಿದ್ದು, ಅದೂ ಅಕ್ಷರದ ವಿಷಯವೇ. ಯಾವ ಪ್ರಾಂತ್ಯದಲ್ಲಿ ಶಾಲೆಗೆ ಹೋಗುವ ಮಕ್ಕಳು ಕಡಿಮೆಯೋ ಅದು ಕಪ್ಪು. ಅಜ್ಞಾನವೆಂದರೆ ಕತ್ತಲೆ ಎಂಬ ರೂಪಕ ಅವನಿಗೂ ಗೊತ್ತಿತ್ತು. ಇಂದಿನ ರೂಢಿ ತಿರುಗುಮುರುಗು: ಹೆಚ್ಚಿದ್ದಲ್ಲಿ ಗಾಢ, ಕಡಿಮೆ ಇದ್ದಲ್ಲಿ ತಿಳಿ. ಎರಡೂ ನಡೆಯುತ್ತವೆ. ಯಾದಗಿರಿಯತ್ತ ಕಣ್ಣು ಸೆಳೆಯಬೇಕೆಂದರೆ ಅನಕ್ಷರತೆಯ ಅಂಕಿಯನ್ನೇ ತೆಗೆದುಕೊಂಡು, ಹೆಚ್ಚಿದ್ದಲ್ಲಿ ಗಾಢ ಎಂದೇ ಬಳಿಯಬಹುದು. ನಡೆಯದಿರುವುದು ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಳದಿ ಎಂದು ಹೋಳಿ ಆಡುವುದು. ನೀಲಿ ದೊಡ್ಡದೋ ಕೆಂಪು ದೊಡ್ಡದೋ ಎಂದು ಕಣ್ಣಿಗೆ ಹೇಳಿಕೊಟ್ಟವರಿಲ್ಲ. ತಿಳಿಯಿಂದ ಗಾಢಕ್ಕೆ ಹೋಗುವ ಸಾಲನ್ನು ಮಾತ್ರ ಅದು ತಾನಾಗಿ ಓದಬಲ್ಲದು. ಸಿಂಥಿಯಾ ಬ್ರೂವರ್ ಸಿದ್ಧಪಡಿಸಿದ `YlGnBu` ಎಂಬ ಸಾಲು ತಿಳಿಹಳದಿಯಿಂದ ಹಸಿರಿನ ಮೂಲಕ ಕಡುನೀಲಿಗೆ ಏರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ ನೋಡಿ, ಕಪ್ಪುಬಿಳುಪಿನಲ್ಲೂ ಕ್ರಮ ಉಳಿದಿದ್ದರೆ ಬಣ್ಣದ ಸಾಲು ಸರಿಯಿದೆ.

ರಾಜ್ಯದ ಸರಾಸರಿ 75.36ಕ್ಕಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು ಎಂದು ಪಾಸು-ಫೇಲು ಮಾಡುವ ಆಸೆ ಅನೇಕರಿಗಿದೆ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿನವರಿಗೆ ಆ ನಕ್ಷೆ ಮೂಕ. ಉಳಿದವರಿಗೆ ಅದು ಹೇಳುವುದು 75.14ರ ತುಮಕೂರು ಫೇಲು, 75.74ರ ದಾವಣಗೆರೆ ಪಾಸು ಎಂದು.

ಕೊನೆಗೆ ಮತ್ತೆ ಚಿಕ್ಕಜಾಲ. ಎಷ್ಟೇ ಹುಷಾರಾಗಿ ಬಳಿದರೂ ಅದರ ಮೇಲೆ ಬೀಳುವ ಕಡುನೀಲಿ ಅದರ ಸ್ವಂತದ್ದಲ್ಲ, ಜಯನಗರ ಮಲ್ಲೇಶ್ವರಗಳೂ ಸೇರಿ 96 ಲಕ್ಷ ಜನರ ಸರಾಸರಿಯದು. ಊರಿನದೇ ಅಂಕಿ ಬೇಕಿದ್ದರೆ ಜನಗಣತಿಯ ಗ್ರಾಮವಾರು ಪಟ್ಟಿ ತೆಗೆಯಬೇಕು. ಅಲ್ಲಿ ಶೇಕಡಾ ಕೊಟ್ಟಿರುವುದಿಲ್ಲ. ಒಟ್ಟು ಜನ, ಆರು ವರ್ಷದವರೆಗಿನ ಮಕ್ಕಳು ಮತ್ತು ಸಾಕ್ಷರರ ಸಂಖ್ಯೆ ಇರುತ್ತವೆ. ಸಾಕ್ಷರತೆ ಲೆಕ್ಕ ಹಾಕುವುದು ಏಳು ವರ್ಷ ತುಂಬಿದವರಿಗೆ ಮಾತ್ರ, ಆದ್ದರಿಂದ ಮಕ್ಕಳನ್ನು ಒಟ್ಟಿನಿಂದ ಕಳೆದು ಆಮೇಲೆ ಭಾಗಿಸಬೇಕು. ಕಳೆಯುವುದನ್ನು ಮರೆತರೆ ತೊಟ್ಟಿಲ ಕೂಸುಗಳೂ ಅನಕ್ಷರಸ್ಥರ ಲೆಕ್ಕಕ್ಕೆ ಸೇರಿ, ಊರು ಒಂದು ಮೆಟ್ಟಿಲು ಕೆಳಗಿನ ಬಣ್ಣಕ್ಕೆ ಬೀಳುತ್ತದೆ.