ಗುಳ್ಳೆ ಬಂದ ಮಾತ್ರಕ್ಕೆ ಆರಿಯಸ್ ಅಲ್ಲ

ಗಾಯದ ಕೀವನ್ನು ಬ್ಲಡ್ ಅಗರ್ ತಟ್ಟೆಯಲ್ಲಿ ಬೆಳೆಸಿದ್ದಾಗಿದೆ. ಗ್ರಾಂ ಸ್ಟೇನ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರಳೆ ಬಣ್ಣದ ದುಂಡು ಬ್ಯಾಕ್ಟೀರಿಯಾಗಳು ಗೊಂಚಲಾಗಿ ಕಾಣುತ್ತವೆ. ಇದು ಸ್ಟ್ಯಾಫಿಲೊಕಾಕಸ್ ಆರಿಯಸ್ ಹೌದೋ ಅಲ್ಲವೋ ಎಂದು ಹೇಳುವ ಹೊತ್ತಿನಲ್ಲಿ ಮೂರು ತಪ್ಪು ತಿಳಿವಳಿಕೆಗಳು ಅಡ್ಡ ಬರುತ್ತವೆ.

ತಪ್ಪು ಕಲ್ಪನೆ: ಕ್ಯಾಟಲೇಸ್ ಪಾಸಿಟಿವ್ ಬಂದರೆ ಅದು ಆರಿಯಸ್.

ಸತ್ಯ: ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಹನಿಗೆ ಕಾಲೊನಿ ಸೇರಿಸಿದರೆ ಬಹುತೇಕ ಎಲ್ಲ ಸ್ಟ್ಯಾಫಿಲೊಕಾಕಸ್‌ಗಳೂ ಗುಳ್ಳೆ ಎಬ್ಬಿಸುತ್ತವೆ. ಈ ಪರೀಕ್ಷೆ ಅವುಗಳನ್ನು ಸ್ಟ್ರೆಪ್ಟೊಕಾಕಸ್, ಎಂಟೆರೊಕಾಕಸ್‌ಗಳಿಂದ ಬೇರ್ಪಡಿಸುತ್ತದೆ, ಅಷ್ಟೇ. ರಕ್ತಕಣಗಳಲ್ಲೂ ಕ್ಯಾಟಲೇಸ್ ಇರುವುದರಿಂದ ಕಾಲೊನಿಯ ಜೊತೆ ಅಗರ್ ಕೆರೆದು ಬಂದರೂ ಗುಳ್ಳೆ ಏಳುತ್ತದೆ. ನೈಕ್ರೋಮ್ ಲೂಪ್‌ನಿಂದಲೂ ಏಳಬಹುದು. ಕಾಲೊನಿಯ ಮೇಲ್ಭಾಗವನ್ನಷ್ಟೇ ಮರದ ಕಡ್ಡಿಯಿಂದ ತೆಗೆದರೆ ಈ ಮೋಸವಿಲ್ಲ.

ತಪ್ಪು ಕಲ್ಪನೆ: ಸ್ಲೈಡ್ ಕೋಆಗ್ಯುಲೇಸ್ ನೆಗೆಟಿವ್ ಆದರೆ ಆರಿಯಸ್ ಅಲ್ಲ.

ಸತ್ಯ: ಸ್ಲೈಡ್ ಪರೀಕ್ಷೆ ತೋರಿಸುವುದು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡಿರುವ ಕ್ಲಂಪಿಂಗ್ ಫ್ಯಾಕ್ಟರನ್ನು. ಸಲೈನ್‌ನಲ್ಲಿ ಕದಡಿದ ಕಾಲೊನಿಗೆ ಪ್ಲಾಸ್ಮಾ ಸೇರಿಸಿದಾಗ ಹತ್ತು ಸೆಕೆಂಡಿನೊಳಗೆ ಕಣಕಣವಾಗಿ ಗುಂಪುಗೂಡಿದರೆ ಪಾಸಿಟಿವ್. ಬರಿಯ ಸಲೈನ್‌ನಲ್ಲೇ ಗುಂಪುಗೂಡುವ ತಳಿಗಳಲ್ಲಿ ಈ ಫಲಿತಾಂಶವನ್ನು ನಂಬುವಂತಿಲ್ಲ. ಆರಿಯಸ್‌ನ ಕೆಲವು ತಳಿಗಳು ಸ್ಲೈಡ್‌ನಲ್ಲಿ ನೆಗೆಟಿವ್ ಬರುತ್ತವೆ. ಆರಿಯಸ್ ಅಲ್ಲದ ಸ್ಟ್ಯಾಫಿಲೊಕಾಕಸ್ ಲಗ್ಡುನೆನ್ಸಿಸ್ ಪಾಸಿಟಿವ್ ಬರಬಲ್ಲದು. ಇವೆರಡರ ಗೊಂದಲವನ್ನು ಬಿಡಿಸುವುದು ಟ್ಯೂಬ್ ಪರೀಕ್ಷೆ. ಬ್ಯಾಕ್ಟೀರಿಯಾ ಹೊರಕ್ಕೆ ಬಿಡುವ ಕೋಆಗ್ಯುಲೇಸ್ ಅದರಲ್ಲಿ ಪ್ರೋಥ್ರಾಂಬಿನ್ ಜೊತೆ ಸೇರಿ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತದೆ. ಇದಕ್ಕೆ ಕ್ಯಾಲ್ಸಿಯಂ ಬೇಡ. ಹಾಗಾಗಿಯೇ ಇಡಿಟಿಎ ಬೆರೆಸಿದ ಮೊಲದ ಪ್ಲಾಸ್ಮಾ ಇಲ್ಲಿ ಸರಿಹೊಂದುತ್ತದೆ.

ತಪ್ಪು ಕಲ್ಪನೆ: ಟ್ಯೂಬನ್ನು ಮರುದಿನ ಬೆಳಿಗ್ಗೆ ನೋಡಿದರೆ ಸಾಕು.

ಸತ್ಯ: ಒಂದು ಕೀವಿನ ಸ್ಯಾಂಪಲ್ ಸ್ಲೈಡ್‌ನಲ್ಲಿ ನೆಗೆಟಿವ್ ಬಂತು ಎಂದುಕೊಳ್ಳಿ. ಬೆಳಿಗ್ಗೆ 11ಕ್ಕೆ ಅರ್ಧ ಮಿಲಿಲೀಟರ್ ಪ್ಲಾಸ್ಮಾದಲ್ಲಿ ಕಾಲೊನಿ ಕದಡಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರಿ. ಮಧ್ಯಾಹ್ನ 3ಕ್ಕೆ ಟ್ಯೂಬನ್ನು ಮೆಲ್ಲನೆ ವಾಲಿಸಿದಾಗ ಒಳಗಿನದು ಮೊಸರಿನಂತೆ ನಿಂತಿತ್ತು. ಮರುದಿನ ಬೆಳಿಗ್ಗೆ ಅದೇ ಟ್ಯೂಬ್ ನೀರಾಗಿತ್ತು. ಆರಿಯಸ್‌ನ ಹಲವು ತಳಿಗಳು ಸ್ಟ್ಯಾಫಿಲೊಕೈನೇಸ್ ಎಂಬ ಇನ್ನೊಂದು ಪದಾರ್ಥವನ್ನೂ ಬಿಡುತ್ತವೆ. ಅದರ ಪ್ರಭಾವದಿಂದ ಹೆಪ್ಪು ಮತ್ತೆ ಕರಗುತ್ತದೆ. ಮಧ್ಯಾಹ್ನ ನೋಡದೇ ಇದ್ದಿದ್ದರೆ ವರದಿ ನೆಗೆಟಿವ್ ಎಂದು ಹೋಗುತ್ತಿತ್ತು. ನಾಲ್ಕು ಗಂಟೆಯೊಳಗೆ ಮತ್ತೆ ಮತ್ತೆ ವಾಲಿಸಿ ನೋಡಬೇಕು. ಆಗಲೂ ಹೆಪ್ಪಿಲ್ಲದಿದ್ದರೆ ಮಾತ್ರ 24 ಗಂಟೆಯವರೆಗೆ ಕಾಯಬೇಕು.

ನಾಯಿ ಕಚ್ಚಿದ ಗಾಯದ ಸ್ಯಾಂಪಲ್ ಆದರೆ ಹೆಪ್ಪುಗಟ್ಟಿದ ಮೇಲೂ ಒಂದು ಹೆಜ್ಜೆ ಬಾಕಿ. ನಾಯಿಗಳಲ್ಲಿ ಸಾಮಾನ್ಯವಾದ ಸ್ಟ್ಯಾಫಿಲೊಕಾಕಸ್ ಸೂಡಿಂಟರ್‌ಮೀಡಿಯಸ್ ಕೂಡ ಟ್ಯೂಬ್‌ನಲ್ಲಿ ಪಾಸಿಟಿವ್ ಬರುತ್ತದೆ. ಅಂಥ ಸ್ಯಾಂಪಲ್‌ಗೆ ಬೇರೆ ಪರೀಕ್ಷೆ ಮಾಡಿಯೇ ಆರಿಯಸ್ ಎಂದು ಬರೆಯಬೇಕು.